ಹಳೆಯ ಫರ್ಮ್‌ವೇರ್, ಹಳೆಯ ಸೆಟ್ಟಿಂಗ್: ನಿಧಾನವಾದ ರೂಟರ್‌ನಲ್ಲಿ ದೋಷ ಯಾವುದರದು ಎಂದು ಕಂಡುಹಿಡಿಯುವ ಬಗೆ

ಮನೆಯ ರೂಟರ್ ನಿಧಾನವಾಗಿದೆ ಎಂದ ಕೂಡಲೇ ಎರಡು ಸಲಹೆಗಳು ಬರುತ್ತವೆ: ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಇಲ್ಲವೇ ರೀಸೆಟ್ ಮಾಡಿ. ಎರಡನ್ನೂ ಒಟ್ಟಿಗೆ ಹೇಳುವುದೇ ರೂಢಿಯಾಗಿರುವುದರಿಂದ ಅವೆರಡೂ ಒಂದೇ ಕಾಯಿಲೆಗೆ ಕೊಡುವ ಎರಡು ಔಷಧಗಳೆಂಬ ಭಾವನೆ ಬೆಳೆದಿದೆ. ವಾಸ್ತವದಲ್ಲಿ ಅವು ರೂಟರ್‌ನ ಎರಡು ಬೇರೆ ಬೇರೆ ಭಾಗಗಳನ್ನು ಮುಟ್ಟುತ್ತವೆ, ಮತ್ತು ಒಂದರಿಂದ ಸರಿಯಾಗುವ ದೋಷ ಇನ್ನೊಂದರಿಂದ ಸರಿಯಾಗುವುದಿಲ್ಲ. ಯಾವುದು ಯಾವುದನ್ನು ಬದಲಿಸುತ್ತದೆ ಎಂಬುದನ್ನು ಅರಿತು, ಎರಡರ ನಡುವೆ ಅಳತೆ ತೆಗೆದುಕೊಂಡರೆ ಮಾತ್ರ ದೋಷ ಎಲ್ಲಿತ್ತು ಎಂಬುದು ತಿಳಿಯುತ್ತದೆ. ಮೈಸೂರಿನ ಒಂದು ಮನೆಯಲ್ಲಿ ನಾನು ಮಾಡಿದ ತಪಾಸಣೆಯನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಳಗಿನ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ರೂಟರ್‌ನ ಫ್ಲ್ಯಾಶ್ ಮೆಮೊರಿಯಲ್ಲಿ ಪ್ರತ್ಯೇಕ ವಿಭಾಗಗಳಿರುತ್ತವೆ. ಒಂದು ವಿಭಾಗದಲ್ಲಿ ಫರ್ಮ್‌ವೇರ್, ಅಂದರೆ ರೂಟರನ್ನು ನಡೆಸುವ ತಂತ್ರಾಂಶ ಇರುತ್ತದೆ. ಇನ್ನೊಂದು ಸಣ್ಣ ವಿಭಾಗದಲ್ಲಿ ನಾವು ಕೊಟ್ಟ ಸೆಟ್ಟಿಂಗ್‌ಗಳು, ಅಂದರೆ ವೈಫೈ ಹೆಸರು, ಪಾಸ್‌ವರ್ಡ್, ಇಂಟರ್ನೆಟ್ ಲಾಗಿನ್, ಚಾನೆಲ್ ಮುಂತಾದವು ಇರುತ್ತವೆ. ಅಪ್‌ಡೇಟ್ ಮಾಡಿದಾಗ ಮೊದಲನೆಯ ವಿಭಾಗ ಹೊಸದಾಗುತ್ತದೆ. ಎರಡನೆಯದು ಬಹುತೇಕ ರೂಟರ್‌ಗಳಲ್ಲಿ ಹಾಗೆಯೇ ಉಳಿಯುತ್ತದೆ. ರೀಸೆಟ್ ಮಾಡಿದಾಗ ಎರಡನೆಯದು ಮಾತ್ರ ಅಳಿಸಿಹೋಗಿ, ಫರ್ಮ್‌ವೇರ್‌ನೊಳಗೇ ಬರೆದಿರುವ ಮೂಲ ಸೆಟ್ಟಿಂಗ್‌ಗಳು ಜಾರಿಗೆ ಬರುತ್ತವೆ. ರೀಸೆಟ್ ಮಾಡಿದರೆ ರೂಟರ್ ಕೊಂಡ ದಿನದ ಹಳೆಯ ಫರ್ಮ್‌ವೇರ್‌ಗೆ ಮರಳುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ತಪ್ಪು. ಅಪ್‌ಡೇಟ್ ಆದ ಫರ್ಮ್‌ವೇರ್ ರೀಸೆಟ್‌ನ ನಂತರವೂ ಅದೇ ಆವೃತ್ತಿಯಲ್ಲಿರುತ್ತದೆ. ಇನ್ನು ವಿದ್ಯುತ್ ಸ್ವಿಚ್ಚನ್ನು ಆರಿಸಿ ಹಾಕುವುದು ಇವೆರಡೂ ಅಲ್ಲ. ಅದರಿಂದ ತಾತ್ಕಾಲಿಕ ಮೆಮೊರಿ ಖಾಲಿಯಾಗುತ್ತದೆ, ಅಷ್ಟೆ.

ಮನೆಯ ಸ್ಥಿತಿ

ಅದು ನನ್ನ ಸೋದರತ್ತೆಯವರ ಮನೆ. ಫೈಬರ್ ಸಂಪರ್ಕ, 200 ಎಂಬಿಪಿಎಸ್ ಪ್ಲಾನ್. ಸೇವಾದಾತರು ಕೊಟ್ಟ ಫೈಬರ್ ಬಾಕ್ಸ್ ಬ್ರಿಡ್ಜ್ ಸ್ಥಿತಿಯಲ್ಲಿತ್ತು, ಅಂದರೆ ಲಾಗಿನ್ ಕೆಲಸವನ್ನು ರೂಟರ್‌ಗೆ ಬಿಟ್ಟುಕೊಟ್ಟಿತ್ತು. ಅದರಿಂದ ಒಂದು ಲ್ಯಾನ್ ಕೇಬಲ್ 2019ರಲ್ಲಿ ಕೊಂಡ ಎರಡು ಬ್ಯಾಂಡಿನ ರೂಟರ್‌ಗೆ ಬರುತ್ತಿತ್ತು. ರೂಟರ್ ಪಿಪಿಪಿಒಇ ವಿಧಾನದಲ್ಲಿ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುತ್ತಿತ್ತು. ಅದರ ಫರ್ಮ್‌ವೇರ್ ಕೊಂಡ ವರ್ಷದ್ದೇ. ಒಮ್ಮೆಯೂ ಅಪ್‌ಡೇಟ್ ಆಗಿರಲಿಲ್ಲ.

ದೂರುಗಳು ಎರಡಿದ್ದವು. ಒಂದು, ಮೊಬೈಲಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ವೇಗ 25 ಎಂಬಿಪಿಎಸ್ ದಾಟುವುದಿಲ್ಲ. ಇನ್ನೊಂದು, ಎರಡು ಮೂರು ದಿನಕ್ಕೊಮ್ಮೆ ಇಂಟರ್ನೆಟ್ ನಿಂತುಹೋಗುತ್ತದೆ, ರೂಟರ್ ಆರಿಸಿ ಹಾಕಿದರೆ ಸರಿಯಾಗುತ್ತದೆ. ಕೆಲವು ತಿಂಗಳ ಹಿಂದೆ ಬಂದಿದ್ದ ತಂತ್ರಜ್ಞರೊಬ್ಬರು ರೂಟರನ್ನು ರೀಸೆಟ್ ಮಾಡಿ, ಮೊದಲೇ ತೆಗೆದಿಟ್ಟಿದ್ದ ಬ್ಯಾಕಪ್ ಕಡತವನ್ನು ಮತ್ತೆ ಅದರೊಳಗೆ ಹಾಕಿ ಹೋಗಿದ್ದರು. "ರೀಸೆಟ್ಟೂ ಮಾಡಿಸಿ ಆಯ್ತು ಕಣೋ, ಏನೂ ಪ್ರಯೋಜನ ಆಗ್ಲಿಲ್ಲ. ಹೊಸದೇ ತಗೋಬೇಕೇನೋ" ಎಂದರು ಅತ್ತೆ. ಈ ಮಾತಿನಲ್ಲಿ ಒಂದು ಮುಖ್ಯ ಸುಳಿವಿತ್ತು, ಆದರೆ ಅದು ನನಗೆ ಹೊಳೆದದ್ದು ಅಳತೆಗಳು ಮುಗಿದ ಮೇಲೆ.

ಏನನ್ನೂ ಮುಟ್ಟುವ ಮೊದಲು ಅಳೆಯಬೇಕಾದದ್ದು

ಮೊದಲ ಅಳತೆಯಲ್ಲಿ ರೂಟರ್ ಇರಲೇಬಾರದು. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಫೈಬರ್ ಬಾಕ್ಸಿಗೆ ನೇರವಾಗಿ ಜೋಡಿಸಿ, ವಿಂಡೋಸ್‌ನಲ್ಲಿ ಹೊಸ ಬ್ರಾಡ್‌ಬ್ಯಾಂಡ್ ಸಂಪರ್ಕವೊಂದನ್ನು ರಚಿಸಿ, ಅದೇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕು. ಅನೇಕ ಸೇವಾದಾತರು ಒಂದು ಸಮಯಕ್ಕೆ ಒಂದೇ ಲಾಗಿನ್ ಬಿಡುವುದರಿಂದ ಮೊದಲು ರೂಟರ್‌ನ ಪುಟದಲ್ಲಿ ಸಂಪರ್ಕವನ್ನು ಕಡಿದು, ಕೆಲವು ನಿಮಿಷ ಕಾದು ಪ್ರಯತ್ನಿಸುವುದು ಒಳ್ಳೆಯದು. ನಮ್ಮಲ್ಲಿ 194 ಎಂಬಿಪಿಎಸ್ ಬಂತು. ಅಂದರೆ ಸೇವಾದಾತರ ಕಡೆಯ ಫೈಬರ್‌ನಲ್ಲಿ ದೋಷವಿಲ್ಲ. ಹುಡುಕಾಟ ಮನೆಯೊಳಗೇ ನಡೆಯಬೇಕು. ಇಲ್ಲಿಯೇ 40 ಬಂದಿದ್ದರೆ ರೂಟರನ್ನು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ.

ಎರಡನೆಯ ಅಳತೆ ರೂಟರ್ ಮೂಲಕ, ಆದರೆ ಕೇಬಲಿನಲ್ಲಿ. ಇಲ್ಲಿ 128 ಬಂತು. ಈ ಹಂತದಲ್ಲಿ ಒಂದು ಸಂಖ್ಯೆಯನ್ನು ನೆನಪಿಡಬೇಕು: ಫಲಿತಾಂಶ ಎಷ್ಟು ಸಲ ಅಳೆದರೂ 94ರ ಆಸುಪಾಸಿನಲ್ಲಿಯೇ ಅಂಟಿಕೊಂಡಿದ್ದರೆ ಅದು ಫರ್ಮ್‌ವೇರ್‌ನ ದೋಷವಲ್ಲ. ಯಾವುದೋ ಕೇಬಲಿನ ಒಂದು ತಂತಿ ತುಂಡಾಗಿ, ಅಥವಾ ಪೋರ್ಟ್ ಹಳೆಯ ಬಗೆಯದಾಗಿ, ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ ಎಂದರ್ಥ. ಅಂಥ ಮನೆಯಲ್ಲಿ ಎಷ್ಟು ಅಪ್‌ಡೇಟ್ ಮಾಡಿದರೂ 94 ಮೇಲೇರುವುದಿಲ್ಲ. ಕೇಬಲ್ ಬದಲಿಸಿದರೆ ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಮ್ಮ 128 ಆ ಮಿತಿಯನ್ನು ದಾಟಿದ್ದರಿಂದ ಕೇಬಲ್ ಸರಿಯಿದೆ, ರೂಟರೇ ಎಲ್ಲೋ ಏದುಸಿರು ಬಿಡುತ್ತಿದೆ ಎಂದಾಯಿತು. ಅಳತೆ ನಡೆಯುತ್ತಿದ್ದಾಗ ರೂಟರ್‌ನ ಸ್ಥಿತಿ ಪುಟವನ್ನು ತೆರೆದಿಟ್ಟಿದ್ದೆ. ಪ್ರೊಸೆಸರ್ ಬಳಕೆ ನೂರಕ್ಕೆ ನೂರು ತೋರಿಸುತ್ತಿತ್ತು.

ಮೂರನೆಯ ಅಳತೆ ವೈಫೈಯಲ್ಲಿ, ರೂಟರ್‌ನಿಂದ ಮೂರು ಮೀಟರ್ ದೂರದಲ್ಲಿ, ನಡುವೆ ಗೋಡೆಯಿಲ್ಲದೆ, 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ. ವೇಗ 23 ಎಂಬಿಪಿಎಸ್. ಸಿಗ್ನಲ್ ಪೂರ್ತಿಯಾಗಿತ್ತು, ಅಕ್ಕಪಕ್ಕದ ಮನೆಗಳ ಗದ್ದಲವೂ ಆ ಬ್ಯಾಂಡಿನಲ್ಲಿ ಹೆಚ್ಚಿರಲಿಲ್ಲ. ಆಗ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಆದೇಶವನ್ನು ಕೊಟ್ಟು ನೋಡಿದೆ:

```
netsh wlan show interfaces
```

ಇದು ತೋರಿಸುವ ಸಾಲುಗಳಲ್ಲಿ `Receive rate (Mbps)` ಎಂಬುದು ಮುಖ್ಯ. ಅದು ಲ್ಯಾಪ್‌ಟಾಪ್ ಮತ್ತು ರೂಟರ್ ಪರಸ್ಪರ ಒಪ್ಪಿಕೊಂಡ ರೇಡಿಯೋ ವೇಗ. ನಿಜವಾಗಿ ಸಿಗುವ ವೇಗ ಇದರ ಅರ್ಧದಷ್ಟಿರುವುದು ಸಾಮಾನ್ಯ. ಎರಡು ಆಂಟೆನಾಗಳ ಈ ಲ್ಯಾಪ್‌ಟಾಪಿಗೆ ಅಷ್ಟು ಹತ್ತಿರದಲ್ಲಿ 866.7 ಬರಬೇಕಿತ್ತು. ಬಂದದ್ದು 54. ಸಿಗ್ನಲ್ ದುರ್ಬಲವಾಗಿದ್ದರೆ ಈ ಸಂಖ್ಯೆ ಏರುತ್ತ ಇಳಿಯುತ್ತ ಇರುತ್ತದೆ; ಸಿಗ್ನಲ್ ಪೂರ್ತಿಯಿದ್ದೂ 54ರಲ್ಲಿ ಕಲ್ಲಿನಂತೆ ನಿಂತಿದ್ದರೆ ಕಾರಣ ಬೇರೆಯೇ ಇರುತ್ತದೆ. 54 ಎಂಬುದು 2000ದ ದಶಕದ ಹಳೆಯ ವೈಫೈ ಮಾನದಂಡಗಳ ಗರಿಷ್ಠ ವೇಗ. ಹೊಸ ಮಾನದಂಡದ ಸಾಧನಗಳೂ ಎರಡು ಸಂದರ್ಭಗಳಲ್ಲಿ ಅಷ್ಟಕ್ಕೇ ಇಳಿಯುತ್ತವೆ: ಗೂಢಲಿಪಿಯ ವಿಧಾನವನ್ನು `TKIP`ಗೆ ಇಟ್ಟಾಗ, ಅಥವಾ `WMM` ಎಂಬ ಸೌಲಭ್ಯವನ್ನು ಆಫ್ ಮಾಡಿದಾಗ. ಎರಡೂ ಸೆಟ್ಟಿಂಗ್‌ಗಳೇ. ಆದರೆ ನಾನು ಆಗಲೇ ಹೋಗಿ ಅದನ್ನು ಬದಲಿಸಲಿಲ್ಲ. ಮೂರು ದೋಷಗಳು ಒಟ್ಟಿಗೆ ಇರುವಾಗ ಸಿಕ್ಕಿದ್ದನ್ನೆಲ್ಲ ತಿದ್ದುತ್ತ ಹೋದರೆ ಕೊನೆಗೆ ಯಾವುದು ಯಾವುದರಿಂದ ಸರಿಯಾಯಿತೆಂದು ಹೇಳಲಾಗುವುದಿಲ್ಲ.

ನಿಂತುಹೋಗುವ ದೋಷದ ಗುರುತು

ಎರಡು ಮೂರು ದಿನಕ್ಕೊಮ್ಮೆ ನಿಲ್ಲುವ ದೋಷವನ್ನು ಅದು ನಡೆಯುತ್ತಿರುವಾಗಲೇ ಹಿಡಿಯಬೇಕು. ಇಂಟರ್ನೆಟ್ ನಿಂತರೆ ಕೂಡಲೇ ಸ್ವಿಚ್ ಆರಿಸಬೇಡಿ, ನನಗೆ ಫೋನ್ ಮಾಡಿ ಎಂದು ಅತ್ತೆಯವರಿಗೆ ಹೇಳಿಟ್ಟಿದ್ದೆ. ಮೂರನೆಯ ದಿನ ಸಂಜೆ ಕರೆ ಬಂತು. ಹೋಗಿ ನೋಡಿದಾಗ, ಮೊದಲೇ ಆರಂಭವಾಗಿದ್ದ ವೀಡಿಯೋ ಕರೆಯೊಂದು ಆರಾಮವಾಗಿ ನಡೆಯುತ್ತಿತ್ತು; ಹೊಸದಾಗಿ ಯಾವ ತಾಣವೂ ತೆರೆಯುತ್ತಿರಲಿಲ್ಲ. ಇದೊಂದೇ ನೋಟ ಸಾಕಷ್ಟು ಹೇಳುತ್ತದೆ. ಸಂಪರ್ಕ ಇದೆ, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್ಎಸ್ ಸೇವೆ ಸತ್ತಿದೆ. ಖಚಿತಪಡಿಸಿಕೊಳ್ಳಲು ಈ ಮೂರು ಆದೇಶಗಳು ಸಾಕು:

```
ping 8.8.8.8
nslookup kn.wikipedia.org 192.168.0.1
nslookup kn.wikipedia.org 8.8.8.8
```

ಮೊದಲನೆಯದಕ್ಕೆ ಉತ್ತರ ಬಂತು, ಮೂರನೆಯದಕ್ಕೂ ಬಂತು. ಎರಡನೆಯದು, ಅಂದರೆ ರೂಟರನ್ನೇ ಕೇಳಿದ ಪ್ರಶ್ನೆ, ಸಮಯ ಮೀರಿ ವಿಫಲವಾಯಿತು. ರೂಟರ್‌ನ ವಿಳಾಸ ಕೆಲವು ಮನೆಗಳಲ್ಲಿ 192.168.1.1 ಎಂದಿರುತ್ತದೆ, ಅದನ್ನು ನೋಡಿಕೊಂಡು ಬದಲಿಸಿಕೊಳ್ಳಬೇಕು.

ಇದು ಅಡಾಪ್ಟರ್‌ನ ದೋಷವಲ್ಲ ಎಂಬುದನ್ನೂ ಇಲ್ಲಿಯೇ ತೀರ್ಮಾನಿಸಬಹುದು. ಹಳೆಯ ಅಡಾಪ್ಟರ್ ಸೊರಗಿದರೆ ರೂಟರ್ ತಾನೇ ಮರುಪ್ರಾರಂಭವಾಗುತ್ತದೆ, ಮತ್ತು ಅದನ್ನು ಜನ ಫರ್ಮ್‌ವೇರ್‌ನ ತಲೆಗೆ ಕಟ್ಟುತ್ತಾರೆ. ಸ್ಥಿತಿ ಪುಟದಲ್ಲಿ ರೂಟರ್ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂಬ ಲೆಕ್ಕವಿರುತ್ತದೆ. ಯಾರೂ ಸ್ವಿಚ್ ಮುಟ್ಟದಿದ್ದರೂ ಆ ಲೆಕ್ಕ ಸೊನ್ನೆಯಿಂದ ಆರಂಭವಾಗಿದ್ದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಬೇಕು. ನಮ್ಮಲ್ಲಿ ಅದು ಎರಡು ದಿನ ಹನ್ನೊಂದು ಗಂಟೆ ಎಂದು ನಿರಂತರವಾಗಿ ಎಣಿಸುತ್ತಿತ್ತು. ವಿದ್ಯುತ್ ಸರಿಯಿದೆ, ರೂಟರ್ ಎಚ್ಚರವಾಗಿದೆ, ಅದರೊಳಗಿನ ಒಂದು ತಂತ್ರಾಂಶ ಮಾತ್ರ ಸ್ತಬ್ಧವಾಗಿದೆ. ಇಂಥದ್ದನ್ನು ಸೆಟ್ಟಿಂಗ್‌ನಿಂದ ಸರಿಪಡಿಸಲಾಗದು. ತಯಾರಕರ ತಾಣದಲ್ಲಿ ಈ ಮಾದರಿಯ ಹೊಸ ಫರ್ಮ್‌ವೇರ್‌ನ ಟಿಪ್ಪಣಿಯನ್ನು ಓದಿದಾಗ ಡಿಎನ್ಎಸ್ ಸ್ಥಿರತೆಯನ್ನು ಸುಧಾರಿಸಲಾಗಿದೆ ಎಂಬ ಸಾಲು ಅಲ್ಲಿತ್ತು. ಆ ಟಿಪ್ಪಣಿಗಳನ್ನು ಓದದೆ ಅಪ್‌ಡೇಟ್ ಮಾಡುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅಪ್‌ಡೇಟ್ ಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಅಪ್‌ಡೇಟ್, ಮತ್ತು ಅದರ ನಂತರದ ಅಳತೆ

ಅಪ್‌ಡೇಟ್‌ಗೆ ಮುನ್ನ ರೂಟರ್‌ನ ಕೆಳಗಿನ ಚೀಟಿಯನ್ನು ಓದಬೇಕು. ಒಂದೇ ಮಾದರಿಯ ಹೆಸರಿನಲ್ಲಿ ಎರಡು ಮೂರು ಹಾರ್ಡ್‌ವೇರ್ ಆವೃತ್ತಿಗಳಿರುತ್ತವೆ. ಚೀಟಿಯಲ್ಲಿ V1, V2 ಎಂದು ನಮೂದಾಗಿರುತ್ತದೆ, ಮತ್ತು ಒಳಗಿನ ಚಿಪ್ ಬೇರೆಯೇ ಆಗಿರಬಹುದು. ಒಂದರ ಕಡತವನ್ನು ಇನ್ನೊಂದಕ್ಕೆ ಹಾಕಿದರೆ ಹೆಚ್ಚಿನ ರೂಟರ್‌ಗಳು ಅದನ್ನು ನಿರಾಕರಿಸುತ್ತವೆ. ನಿರಾಕರಿಸದೆ ಸ್ವೀಕರಿಸಿದರೆ ರೂಟರ್ ಮತ್ತೆ ಏಳದೇ ಇರಬಹುದು. ಯಾವ ದೇಶಕ್ಕಾಗಿ ಮಾಡಿದ ಕಡತ ಎಂಬುದನ್ನೂ ನೋಡಬೇಕು, ಏಕೆಂದರೆ ಯಾವ ಚಾನೆಲ್‌ಗಳನ್ನು ಎಷ್ಟು ಶಕ್ತಿಯಲ್ಲಿ ಬಳಸಬಹುದೆಂಬ ಮಿತಿ ಅದರೊಳಗಿರುತ್ತದೆ. ತಯಾರಕರು ಕಡತದ ಜೊತೆಗೆ SHA256 ಮೊತ್ತವನ್ನು ಕೊಟ್ಟಿದ್ದರೆ ಇಳಿಸಿಕೊಂಡ ಕಡತವನ್ನು ಹೀಗೆ ತಾಳೆ ನೋಡಬಹುದು:

```
certutil -hashfile firmware.bin SHA256
```

ಅನಂತರ ಲ್ಯಾಪ್‌ಟಾಪನ್ನು ಕೇಬಲಿನಲ್ಲೇ ಜೋಡಿಸಿ, ವೈಫೈಯನ್ನು ನಂಬದೆ, ಕಡತವನ್ನು ಏರಿಸಬೇಕು. ರೂಟರ್ ತನ್ನ ಫ್ಲ್ಯಾಶ್ ಮೆಮೊರಿಯನ್ನು ಬರೆದುಕೊಳ್ಳುವ ಆ ಕೆಲವು ನಿಮಿಷ ವಿದ್ಯುತ್ ಹೋಗಕೂಡದು. ವಿದ್ಯುತ್ ನಿಲುಗಡೆಯ ಪ್ರಕಟಣೆ ಇರುವ ದಿನ, ಗುಡುಗು ಮಳೆಯ ಸಂಜೆ ಈ ಕೆಲಸ ಬೇಡ. ನಾನು ರೂಟರನ್ನು ಯುಪಿಎಸ್‌ಗೆ ಹಾಕಿಕೊಂಡೇ ಆರಂಭಿಸಿದೆ. ಪುಟದಲ್ಲಿ ಪ್ರಗತಿಯ ಗೆರೆ ನಿಂತಂತೆ ಕಂಡರೂ ಹತ್ತು ನಿಮಿಷ ಕಾಯುವ ತಾಳ್ಮೆ ಬೇಕು. ಅರ್ಧದಲ್ಲಿ ಸ್ವಿಚ್ ಆರಿಸಿದ್ದರಿಂದ ಕೆಟ್ಟ ರೂಟರ್‌ಗಳನ್ನು ನಾನು ಕಂಡಿದ್ದೇನೆ.

ಹೊಸ ಆವೃತ್ತಿ ಬಂದ ಮೇಲೆ ಸೆಟ್ಟಿಂಗ್‌ಗಳೆಲ್ಲ ಹಾಗೆಯೇ ಇದ್ದವು. ರೀಸೆಟ್ ಮಾಡದೆ, ಮೊದಲಿನ ಅಳತೆಗಳನ್ನೇ ಮತ್ತೆ ಮಾಡಿದೆ. ಕೇಬಲಿನಲ್ಲಿ 131, ವೈಫೈಯಲ್ಲಿ 23, ರೇಡಿಯೋ ವೇಗ ಅದೇ 54. ಇಲ್ಲಿಗೇ ನಿಲ್ಲಿಸಿದ್ದರೆ ಅಪ್‌ಡೇಟ್‌ನಿಂದ ಏನೂ ಆಗಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಅದು ಅರ್ಧ ಸತ್ಯ. ವೇಗದಲ್ಲಿ ಬದಲಾವಣೆಯಾಗಲಿಲ್ಲ ನಿಜ, ಆದರೆ ಡಿಎನ್ಎಸ್ ನಿಂತುಹೋಗುವ ದೋಷ ಸರಿಯಾಯಿತೇ ಎಂಬುದನ್ನು ಆ ಕ್ಷಣದಲ್ಲಿ ಅಳೆಯಲಾಗುವುದಿಲ್ಲ. ಅದಕ್ಕೆ ದಿನಗಳು ಬೇಕು. ಹಾಗಾಗಿ ಆ ಸ್ಥಿತಿಯಲ್ಲೇ ಹತ್ತು ದಿನ ಬಿಟ್ಟೆ. ಮೂರು ದಿನಕ್ಕೊಮ್ಮೆಯಾದರೂ ಬರುತ್ತಿದ್ದ ದೋಷ ಹತ್ತು ದಿನವಾದರೂ ಬರಲಿಲ್ಲ. ಸೆಟ್ಟಿಂಗ್‌ಗಳು ಒಂದೂ ಬದಲಾಗದಿದ್ದ ಕಾರಣ ಈ ಫಲ ಫರ್ಮ್‌ವೇರ್‌ನದೇ ಎಂದು ನಿಶ್ಚಯವಾಗಿ ಹೇಳಬಹುದು. ಒಂದೇ ದಿನ ಅಪ್‌ಡೇಟನ್ನೂ ರೀಸೆಟ್ಟನ್ನೂ ಮಾಡಿದ್ದರೆ ಈ ನಿಶ್ಚಯ ಸಿಗುತ್ತಿರಲಿಲ್ಲ.

ರೀಸೆಟ್, ಮತ್ತು ಎರಡು ಹಳೆಯ ಸೆಟ್ಟಿಂಗ್‌ಗಳು

ರೀಸೆಟ್‌ಗೆ ಮುನ್ನ ಪ್ರತಿಯೊಂದು ಪುಟದ ಚಿತ್ರ ತೆಗೆದಿಟ್ಟುಕೊಂಡೆ. ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್, ಸೇವಾದಾತರು ವಿಎಲ್ಎಎನ್ ಸಂಖ್ಯೆ ಕೊಟ್ಟಿದ್ದರೆ ಅದು, ಮತ್ತು ಮ್ಯಾಕ್ ವಿಳಾಸವನ್ನು ಬದಲಿಸಿದ್ದರೆ ಆ ವಿಳಾಸ, ಇವು ಕೈಯಲ್ಲಿಲ್ಲದೆ ರೀಸೆಟ್ ಮಾಡಬಾರದು. ಮೂಲ ಸೆಟ್ಟಿಂಗ್‌ನಲ್ಲಿ ಬಹಳಷ್ಟು ರೂಟರ್‌ಗಳು ಸಂಪರ್ಕ ತಾನಾಗಿ ಸಿಗುತ್ತದೆ ಎಂದು ಭಾವಿಸಿಕೊಂಡಿರುತ್ತವೆ. ಪಿಪಿಪಿಒಇ ಇರುವ ಮನೆಯಲ್ಲಿ ರೀಸೆಟ್ ಆದ ಕೂಡಲೇ ಇಂಟರ್ನೆಟ್ ಇರುವುದಿಲ್ಲ. ಕೆಲವು ಸೇವಾದಾತರು ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸಕ್ಕೆ ಸಂಪರ್ಕವನ್ನು ಕಟ್ಟಿಹಾಕಿರುತ್ತಾರೆ. ಅದು ಕಳೆದುಹೋದರೆ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಇಲ್ಲಿ ಹೇಳುತ್ತಿರುವುದೆಲ್ಲ ನಾವೇ ಕೊಂಡ ರೂಟರ್‌ನ ಬಗ್ಗೆ. ಸೇವಾದಾತರ ಫೈಬರ್ ಬಾಕ್ಸಿನಲ್ಲಿಯೂ ರೀಸೆಟ್ ಗುಂಡಿ ಇರುತ್ತದೆ, ಅದನ್ನು ಒತ್ತಬಾರದು. ಅದರ ಸೆಟ್ಟಿಂಗ್‌ಗಳನ್ನು ಅವರು ದೂರದಿಂದ ತುಂಬಿರುತ್ತಾರೆ. ಅಳಿಸಿಹೋದರೆ ಕೆಲವು ಕಡೆ ತಾನೇ ಮರಳಿ ಬರುತ್ತವೆ, ಕೆಲವು ಕಡೆ ಅವರ ಸಿಬ್ಬಂದಿ ಬಂದು ತುಂಬುವವರೆಗೆ ಮನೆಯಲ್ಲಿ ಇಂಟರ್ನೆಟ್ ಇರುವುದಿಲ್ಲ. ಅದರ ಫರ್ಮ್‌ವೇರ್ ಅಪ್‌ಡೇಟ್ ಕೂಡ ಅವರ ಹೊಣೆಯೇ.

ರೂಟರ್ ಚಾಲೂ ಇರುವಾಗ ರೀಸೆಟ್ ರಂಧ್ರದೊಳಗೆ ಪಿನ್ನಿಟ್ಟು, ದೀಪಗಳೆಲ್ಲ ಒಮ್ಮೆ ಮಿನುಗುವವರೆಗೆ, ಸುಮಾರು ಹತ್ತು ಸೆಕೆಂಡು ಒತ್ತಿಹಿಡಿದೆ. ಕೆಲವು ರೂಟರ್‌ಗಳಲ್ಲಿ ಇದೇ ಗುಂಡಿ, ಪಾಸ್‌ವರ್ಡ್ ಕೊಡದೆ ಸಾಧನಗಳನ್ನು ವೈಫೈಗೆ ಜೋಡಿಸುವ ಡಬ್ಲ್ಯೂಪಿಎಸ್‌ಗೂ ಇರುವುದರಿಂದ ಒಂದೆರಡು ಸೆಕೆಂಡು ಒತ್ತಿದರೆ ರೀಸೆಟ್ ಆಗುವುದಿಲ್ಲ. ಮರಳಿ ಎದ್ದ ಮೇಲೆ ಪಿಪಿಪಿಒಇ ವಿವರಗಳನ್ನು ಮಾತ್ರ ತುಂಬಿ, ಬೇರೆ ಏನನ್ನೂ ಬದಲಿಸದೆ ಅಳೆದೆ. ಕೇಬಲಿನಲ್ಲಿ 193. ವೈಫೈಯಲ್ಲಿ 188, ರೇಡಿಯೋ ವೇಗ 866.7. ಆರು ವರ್ಷ ಹಳೆಯ ರೂಟರ್ ತನ್ನ ಪ್ಲಾನಿನ ಪೂರ್ಣ ವೇಗವನ್ನು ಕೊಡಬಲ್ಲುದು ಎಂದು ಇದರಿಂದ ಸಾಬೀತಾಯಿತು. ಹೊಸದನ್ನು ಕೊಳ್ಳುವ ಖರ್ಚು ಉಳಿಯಿತು.

ಇನ್ನು ಉಳಿದದ್ದು, ಯಾವ ಸೆಟ್ಟಿಂಗ್ ಎಂಬ ಪ್ರಶ್ನೆ. ತೆಗೆದಿಟ್ಟ ಚಿತ್ರಗಳನ್ನು ನೋಡಿಕೊಂಡು ಹಳೆಯ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಮರಳಿ ಹಾಕುತ್ತ, ಪ್ರತಿಯೊಂದರ ನಂತರ ಅಳೆದೆ. ವೈಫೈ ಹೆಸರು, ಪಾಸ್‌ವರ್ಡ್, ಪ್ರಿಂಟರ್‌ಗೆ ಕೊಟ್ಟಿದ್ದ ಸ್ಥಿರ ವಿಳಾಸ, ಇವುಗಳಿಂದ ಏನೂ ಆಗಲಿಲ್ಲ. ಕೆಲವು ಬಳಕೆಗಳಿಗೆ ಆದ್ಯತೆ ಕೊಡುವ `QoS` ಸೌಲಭ್ಯವನ್ನು ಚಾಲೂ ಮಾಡಿದ ಕೂಡಲೇ ಕೇಬಲಿನ ವೇಗ 193ರಿಂದ 129ಕ್ಕೆ ಬಿತ್ತು.

ಇದರ ಹಿನ್ನೆಲೆ ತಿಳಿಯುವಂಥದ್ದು. 2020ರಲ್ಲಿ ಅತ್ತೆಯ ಮಗ ಮನೆಯಿಂದಲೇ ಕೆಲಸ ಮಾಡುವಾಗ, ಆಗಿನ 50 ಎಂಬಿಪಿಎಸ್ ಸಂಪರ್ಕದಲ್ಲಿ ತನ್ನ ವೀಡಿಯೋ ಕರೆಗಳಿಗೆ ಆದ್ಯತೆ ಸಿಗಲೆಂದು ಇದನ್ನು ಚಾಲೂ ಮಾಡಿದ್ದ. ಆಗ ಅದು ಒಳ್ಳೆಯ ನಿರ್ಧಾರವೇ ಆಗಿತ್ತು. ಪ್ಲಾನ್ 200ಕ್ಕೆ ಏರಿದಾಗ ಆ ಪುಟದ ಒಟ್ಟು ವೇಗದ ಅಂಕಿಯನ್ನೂ 200ಕ್ಕೆ ತಿದ್ದಿದ್ದ. ಆದ್ದರಿಂದ ನೋಡಿದವರಿಗೆ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ತೊಡಕಿದ್ದದ್ದು ಅಂಕಿಯಲ್ಲಲ್ಲ. ಇಂಥ ರೂಟರ್‌ಗಳ ಪ್ರೊಸೆಸರ್ ಸಣ್ಣದು. ಸಾಮಾನ್ಯ ಸ್ಥಿತಿಯಲ್ಲಿ, ಒಮ್ಮೆ ಆರಂಭವಾದ ಸಂಪರ್ಕದ ಪ್ಯಾಕೆಟ್‌ಗಳನ್ನು ಪ್ರೊಸೆಸರ್‌ನ ತನಕ ತರದೆ, ಚಿಪ್‌ನಲ್ಲಿರುವ ಪ್ರತ್ಯೇಕ ಹಾರ್ಡ್‌ವೇರ್ ದಾರಿಯೇ ಆಚೆ ದಾಟಿಸಿಬಿಡುತ್ತದೆ. ಇದನ್ನು ಹಾರ್ಡ್‌ವೇರ್ ನ್ಯಾಟ್ ಎನ್ನುತ್ತಾರೆ. ಆದ್ಯತೆಯ ಲೆಕ್ಕ ಹಾಕಬೇಕೆಂದರೆ ಪ್ರತಿಯೊಂದು ಪ್ಯಾಕೆಟ್ ಪ್ರೊಸೆಸರ್‌ನ ಕಣ್ಣಿಗೆ ಬೀಳಲೇಬೇಕು, ಆಗ ಆ ಒಳದಾರಿ ಮುಚ್ಚುತ್ತದೆ. 50 ಎಂಬಿಪಿಎಸ್ ಇದ್ದಾಗ ಪ್ರೊಸೆಸರ್ ಅದನ್ನು ನಿಭಾಯಿಸುತ್ತಿತ್ತು. 200ಕ್ಕೆ ಏರಿದಾಗ 130ರ ಹತ್ತಿರವೇ ಅದರ ಶಕ್ತಿ ಮುಗಿಯಿತು. ಪ್ರತಿ ಸಾಧನದ ಬಳಕೆಯನ್ನು ಎಣಿಸುವ ಸೌಲಭ್ಯ, ಮಕ್ಕಳಿಗಾಗಿ ತಾಣಗಳನ್ನು ತಡೆಯುವ ಸೌಲಭ್ಯ, ಇವೂ ಹಲವು ರೂಟರ್‌ಗಳಲ್ಲಿ ಇದೇ ಪರಿಣಾಮ ಮಾಡುತ್ತವೆ. ಪ್ಲಾನ್ ಏರಿಸಿದಾಗ ವೇಗ ಏರದಿದ್ದರೆ ನಾನು ಮೊದಲು ನೋಡುವುದು ಈ ಪುಟಗಳನ್ನು.

ಎರಡನೆಯದು ನಿರೀಕ್ಷಿಸಿದ್ದೇ. `WMM` ಆಫ್ ಮಾಡಿದ ಕೂಡಲೇ ರೇಡಿಯೋ ವೇಗ 866.7ರಿಂದ 54ಕ್ಕೆ ಇಳಿಯಿತು. ವೈಫೈನ 802.11n ಮತ್ತು ಅದರ ನಂತರದ ಮಾನದಂಡಗಳ ಹೆಚ್ಚಿನ ವೇಗ ಈ ಸೌಲಭ್ಯವನ್ನೇ ನೆಚ್ಚಿಕೊಂಡಿದೆ. ಹಳೆಯ ಪ್ರಿಂಟರ್ ಒಂದು ಜೋಡಣೆಯಾಗದಿದ್ದಾಗ ಯಾರದೋ ಸಲಹೆಯಂತೆ ಆಫ್ ಮಾಡಿದ್ದು, ಪ್ರಿಂಟರ್ ಹೋದ ಮೇಲೂ ಹಾಗೆಯೇ ಉಳಿದುಕೊಂಡಿತ್ತು. ಎರಡೂ ಆದ್ಯತೆಗೆ ಸಂಬಂಧಿಸಿದ ಸೌಲಭ್ಯಗಳಾದ್ದರಿಂದ `WMM` ಮತ್ತು `QoS` ಎರಡನ್ನೂ ಒಟ್ಟಿಗೆ ಆಫ್ ಮಾಡುವವರಿದ್ದಾರೆ. `QoS` ಆಫ್ ಮಾಡಿದರೆ ಕೇಬಲಿನ ವೇಗ ಏರಬಹುದು, `WMM` ಆಫ್ ಮಾಡಿದರೆ ವೈಫೈ ಕುಸಿಯುತ್ತದೆ.

ತಂತ್ರಜ್ಞರು ಮಾಡಿದ್ದ ರೀಸೆಟ್ ಏಕೆ ಫಲಿಸಲಿಲ್ಲ ಎಂಬುದಕ್ಕೆ ಈಗ ಉತ್ತರ ಸಿಕ್ಕಿತು. ಬ್ಯಾಕಪ್ ಕಡತ ಎಂದರೆ ಸೆಟ್ಟಿಂಗ್ ವಿಭಾಗದ ಪೂರ್ತಿ ಪ್ರತಿ. ಅದನ್ನು ಮರಳಿ ಹಾಕಿದಾಗ ವೈಫೈ ಪಾಸ್‌ವರ್ಡ್‌ನ ಜೊತೆಗೆ ಈ ಎರಡು ಸೆಟ್ಟಿಂಗ್‌ಗಳೂ ಮರಳಿ ಬಂದವು. ಸಮಯ ಉಳಿಸಲು ಮಾಡಿದ ಕೆಲಸ ದೋಷವನ್ನೂ ಉಳಿಸಿತು. ಫರ್ಮ್‌ವೇರ್ ಹಲವು ಆವೃತ್ತಿಗಳಷ್ಟು ಮುಂದೆ ಹೋದಾಗ ಹಳೆಯ ಬ್ಯಾಕಪ್ ಹಾಕುವುದರಲ್ಲಿ ಇನ್ನೂ ಒಂದು ಅಪಾಯವಿದೆ: ಹೊಸ ಆವೃತ್ತಿಯಲ್ಲಿ ಒಂದು ಸೆಟ್ಟಿಂಗ್‌ನ ಹೆಸರೋ ಅರ್ಥವೋ ಬದಲಾಗಿದ್ದರೆ, ಹಳೆಯ ಕಡತದ ಮೌಲ್ಯವನ್ನು ಅದು ತಪ್ಪಾಗಿ ಓದಬಹುದು. ದೊಡ್ಡ ಅಪ್‌ಡೇಟ್‌ನ ನಂತರ ರೀಸೆಟ್ ಮಾಡಿ, ಕೈಯಿಂದಲೇ ತುಂಬಬೇಕೆಂದು ಹೇಳುವುದು ಈ ಕಾರಣಕ್ಕೆ.

ಮೂಲ ಸೆಟ್ಟಿಂಗ್‌ಗಳಿಂದ ಆಗುವ ತೊಂದರೆ

ಮೂಲ ಸೆಟ್ಟಿಂಗ್‌ಗಳು ಎಲ್ಲ ಮನೆಗೂ ಒಗ್ಗುತ್ತವೆ ಎಂದೇನೂ ಇಲ್ಲ. ರೀಸೆಟ್ ಆದ ಮೇಲೆ ಈ ರೂಟರ್ ಎರಡೂ ಬ್ಯಾಂಡುಗಳನ್ನು ಒಂದೇ ಹೆಸರಿನಲ್ಲಿ ಸೇರಿಸಿ, ಯಾವ ಸಾಧನ ಯಾವ ಬ್ಯಾಂಡಿಗೆ ಹೋಗಬೇಕೆಂಬುದನ್ನು ತಾನೇ ನಿರ್ಧರಿಸತೊಡಗಿತು. ಒಳಕೋಣೆಯ ಮೊಬೈಲು 2.4 ಗಿಗಾಹರ್ಟ್ಸ್‌ಗೆ ಅಂಟಿಕೊಂಡು, ನಡುಮನೆಗೆ ಬಂದರೂ ಬಿಡುತ್ತಿರಲಿಲ್ಲ. ವೇಗ 35ರಲ್ಲೇ ಉಳಿಯಿತು. ರೀಸೆಟ್‌ನ ನಂತರ ವೈಫೈ ಮೊದಲಿಗಿಂತ ನಿಧಾನವಾಯಿತು ಎಂಬ ದೂರು ಎಲ್ಲಿಯಾದರೂ ಬಂದರೆ ಇದು ಮೊದಲ ಶಂಕೆಯಾಗಬೇಕು. ಎರಡು ಬ್ಯಾಂಡುಗಳಿಗೆ ಬೇರೆ ಹೆಸರು ಕೊಟ್ಟ ಮೇಲೆ ಅದೇ ಮೊಬೈಲು ನಡುಮನೆಯಲ್ಲಿ 170 ತೋರಿಸಿತು.

ಭದ್ರತೆಯ ವಿಷಯದಲ್ಲಿ ಮೂಲ ಸ್ಥಿತಿ ದುರ್ಬಲ. ಅಡ್ಮಿನ್ ಪಾಸ್‌ವರ್ಡ್ ಚೀಟಿಯಲ್ಲಿರುವುದೇ ಆಗುತ್ತದೆ, ಡಬ್ಲ್ಯೂಪಿಎಸ್ ಚಾಲೂ ಆಗುತ್ತದೆ. ಎರಡನ್ನೂ ಕೂಡಲೇ ಬದಲಿಸಬೇಕು. ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಮಾತ್ರ ಹಳೆಯದರಂತೆಯೇ ಕೊಟ್ಟರೆ ಮನೆಯ ಸಾಧನಗಳೆಲ್ಲ ತಾವಾಗಿ ಜೋಡಿಸಿಕೊಳ್ಳುತ್ತವೆ.

ಹಳೆಯ ಫರ್ಮ್‌ವೇರ್‌ನಿಂದ ಬರುವ ಇನ್ನೊಂದು ಬಗೆಯ ನಿಧಾನ ಈ ಮನೆಯಲ್ಲಿ ಇರಲಿಲ್ಲವಾದರೂ ಪರೀಕ್ಷಿಸಿಯೇ ಮುಂದೆ ಹೋಗಬೇಕು. ತೇಪೆ ಹಾಕದ ರೂಟರ್‌ನೊಳಗೆ ಹೊರಗಿನವರು ನುಗ್ಗಿ ಡಿಎನ್ಎಸ್ ವಿಳಾಸವನ್ನು ಬದಲಿಸಿದ್ದರೆ, ವೇಗದ ಅಳತೆ ಸರಿಯಾಗಿ ಬರುತ್ತದೆ, ಪುಟಗಳು ಮಾತ್ರ ತಡವಾಗಿ ತೆರೆಯುತ್ತವೆ, ಅನಗತ್ಯ ಜಾಹೀರಾತುಗಳು ಬರುತ್ತವೆ. ಇಂಟರ್ನೆಟ್ ಪುಟದಲ್ಲಿ ನೀವು ಹಾಕದ ಡಿಎನ್ಎಸ್ ವಿಳಾಸವಿದ್ದರೆ ಅದನ್ನು ತಿದ್ದಿ ಸುಮ್ಮನಾಗುವುದು ಸಾಲದು. 2018ರ ಮೇ ತಿಂಗಳಲ್ಲಿ ಸಿಸ್ಕೊ ಸಂಸ್ಥೆಯ ಟ್ಯಾಲೋಸ್ ತಂಡ ವಿಪಿಎನ್‌ಫಿಲ್ಟರ್ ಎಂಬ ಹಾವಳಿಯ ವಿವರ ಪ್ರಕಟಿಸಿತು; 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳು ಅದಕ್ಕೆ ಸಿಕ್ಕಿದ್ದವು. ಅದರ ಮೊದಲ ಹಂತದ ತಂತ್ರಾಂಶ ರೂಟರ್ ಆರಿಸಿ ಹಾಕಿದರೂ ಉಳಿಯುತ್ತಿತ್ತು, ಹಾಗಾಗಿ ಫ್ಯಾಕ್ಟರಿ ರೀಸೆಟ್ ಮತ್ತು ಹೊಸ ಫರ್ಮ್‌ವೇರ್ ಎರಡನ್ನೂ ಮಾಡಬೇಕೆಂಬ ಸಲಹೆ ಬಂತು. ಕಾರಣ ಸರಳ: ರೀಸೆಟ್ ಮಾತ್ರ ಮಾಡಿದರೆ ನುಗ್ಗಿದ ಕಿಂಡಿ ತೆರೆದೇ ಇರುತ್ತದೆ, ಅಪ್‌ಡೇಟ್ ಮಾತ್ರ ಮಾಡಿದರೆ ಬದಲಿಸಿದ ಸೆಟ್ಟಿಂಗ್ ಉಳಿಯುತ್ತದೆ. ಇಂಥ ಶಂಕೆ ಇದ್ದಾಗ ನಡುವೆ ಹತ್ತು ದಿನ ಕಾಯುವ ನನ್ನ ಕ್ರಮವನ್ನು ಅನುಸರಿಸಬಾರದು. ಫೈಬರ್ ಕೇಬಲ್ ಕಳಚಿ, ರೀಸೆಟ್ ಮಾಡಿ, ಬೇರೆ ಸಂಪರ್ಕದಲ್ಲಿ ಇಳಿಸಿಟ್ಟುಕೊಂಡ ಫರ್ಮ್‌ವೇರ್ ಹಾಕಿ, ಮತ್ತೊಮ್ಮೆ ರೀಸೆಟ್ ಮಾಡಿ, ಹೊಸ ಅಡ್ಮಿನ್ ಪಾಸ್‌ವರ್ಡ್ ಕೊಟ್ಟ ಮೇಲೆಯೇ ಇಂಟರ್ನೆಟ್‌ಗೆ ಜೋಡಿಸಬೇಕು.

ಹೊಸ ಫರ್ಮ್‌ವೇರೇ ವೇಗ ಇಳಿಸಿದ ಉದಾಹರಣೆಗಳೂ ಇವೆ. ಹಾಗಾದಾಗ ಮೊದಲು ರೀಸೆಟ್ ಮಾಡಿ ಅಳೆಯಬೇಕು. ರೀಸೆಟ್‌ನ ನಂತರವೂ, ಬರೀ ಪಿಪಿಪಿಒಇ ತುಂಬಿದ ಸ್ಥಿತಿಯಲ್ಲೂ ವೇಗ ಇಳಿದೇ ಇದ್ದರೆ ಮಾತ್ರ ಫರ್ಮ್‌ವೇರ್‌ನ ಮೇಲೆ ದೋಷ ಹೊರಿಸಬಹುದು. ಹಿಂದಿನ ಆವೃತ್ತಿಗೆ ಮರಳುವುದನ್ನು ಎಲ್ಲ ರೂಟರ್‌ಗಳೂ ಒಪ್ಪುವುದಿಲ್ಲ, ಆದ್ದರಿಂದ ಟಿಪ್ಪಣಿಯಲ್ಲಿ ಅಂಥ ನಿರ್ಬಂಧದ ಸಾಲಿದೆಯೇ ಎಂದು ಅಪ್‌ಡೇಟ್‌ಗೆ ಮುನ್ನವೇ ನೋಡಿಕೊಳ್ಳಬೇಕು.

ಅತ್ತೆಯವರ ಮನೆಯಲ್ಲಿ `QoS` ಆಫ್ ಮಾಡಿ, `WMM` ಚಾಲೂ ಇಟ್ಟು, ಉಳಿದದ್ದನ್ನು ಕೈಯಿಂದ ತುಂಬಿ ಬಂದೆ. ಹಳೆಯ ಬ್ಯಾಕಪ್ ಕಡತವನ್ನು ಲ್ಯಾಪ್‌ಟಾಪಿನಿಂದ ಅಳಿಸಿದೆ, ಇಲ್ಲವಾದರೆ ಮುಂದೊಂದು ದಿನ ಯಾರಾದರೂ ಅದನ್ನೇ ಹಾಕುವ ಸಂಭವವಿತ್ತು. ಈಗಿನ ಸ್ಥಿತಿಯ ಹೊಸ ಬ್ಯಾಕಪ್ ತೆಗೆದು, ಕಡತದ ಹೆಸರಿನಲ್ಲೇ ಫರ್ಮ್‌ವೇರ್ ಆವೃತ್ತಿಯನ್ನೂ ದಿನಾಂಕವನ್ನೂ ಬರೆದೆ. ಪಿಪಿಪಿಒಇ ವಿವರಗಳನ್ನು ಬರೆದ ಕಾಗದ ರೂಟರ್‌ನ ಪಕ್ಕದ ಕಪಾಟಿನಲ್ಲಿದೆ.